ಇ-ಮೇಲ್ ಪತ್ರ: ಕೋರಿಕೆ ಮೊದಲ ಸಾಲಿನಲ್ಲಿರಲಿ

ಗ್ರಾಮ ಪಂಚಾಯಿತಿಗಳಿಂದ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಹಾಗೂ ಬೆಸ್ಕಾಂನ ಕಾರ್ಯಪಾಲಕ ಎಂಜಿನಿಯರುಗಳಿಗೆ ಹೋಗುವ ಪತ್ರಗಳಲ್ಲಿ ಅನೇಕವು ಈಗ ಇ-ಮೇಲ್ ಮೂಲಕವೇ ಹೋಗುತ್ತವೆ. ಸಭೆಗಳ ನಡುವೆ ಅಧಿಕಾರಿಯು ಅವುಗಳನ್ನು ಮೊಬೈಲಿನಲ್ಲಿ ತೆರೆಯುತ್ತಾರೆ. ಪಟ್ಟಿಯಲ್ಲಿ ಕಾಣುವುದು ಕಳುಹಿಸಿದವರ ಹೆಸರು, ವಿಷಯದ ಕೆಲವು ಪದಗಳು ಮತ್ತು ಪತ್ರದ ಆರಂಭದ ಒಂದು ತುಣುಕು ಮಾತ್ರ. ಪತ್ರವನ್ನು ಈಗ ಓದಬೇಕೇ, ಸಂಜೆಗೆ ಬಿಡಬೇಕೇ ಎಂಬುದು ಬಹುಮಟ್ಟಿಗೆ ಅಷ್ಟರಲ್ಲೇ ತೀರ್ಮಾನವಾಗುತ್ತದೆ.

ಕೆಂಗೇರಿ ಹೋಬಳಿಯ ಒಂದು ಗ್ರಾಮವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಸೋಮವಾರ ರಾತ್ರಿ ವಿದ್ಯುತ್ ಪರಿವರ್ತಕ ಸುಟ್ಟುಹೋಗಿದೆ. ಕೊಳವೆಬಾವಿಯ ಪಂಪು ನಿಂತು 140 ಮನೆಗಳಿಗೆ ನೀರಿಲ್ಲ. ಪಂಚಾಯಿತಿಯಿಂದ ರೂಢಿಯಂತೆ ಹೋಗುವ ಪತ್ರ ಹೀಗೆ ಆರಂಭವಾಗುತ್ತದೆ:

“ವಿಷಯ: ವಿದ್ಯುತ್ ಪರಿವರ್ತಕದ ಬಗ್ಗೆ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಮ್ಮ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಗ್ರಾಮದಲ್ಲಿ ಹಲವು ದಿನಗಳಿಂದ ವಿದ್ಯುತ್ ವ್ಯತ್ಯಯ ಉಂಟಾಗುತ್ತಿದ್ದು…”

ಮೊಬೈಲಿನ ಪಟ್ಟಿಯಲ್ಲಿ ಈ ಪತ್ರ “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ” ಎಂಬಲ್ಲಿಗೇ ನಿಂತುಹೋಗುತ್ತದೆ. ನೀರು ನಿಂತಿರುವ ಸಂಗತಿ ಎರಡನೆಯ ಪ್ಯಾರಾದಲ್ಲಿದೆ, ಕೋರಿಕೆ ಕಟ್ಟಕಡೆಯಲ್ಲಿದೆ. ಇದು ಬರೆದವರ ಅಜಾಗ್ರತೆಯೇನಲ್ಲ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಕಚೇರಿಯ ಕನ್ನಡವು ‘ಆಗಿದ್ದು’, ‘ಇರುವುದರಿಂದ’, ‘ಆದಕಾರಣ’ ಎಂದು ಕಾರಣಗಳನ್ನು ಒಂದೇ ವಾಕ್ಯದಲ್ಲಿ ಪೋಣಿಸುತ್ತಾ ಹೋಗುವುದರಿಂದ, ‘ಕೋರಲಾಗಿದೆ’ ಎಂಬ ಮಾತು ಹತ್ತನೆಯ ಸಾಲಿಗೆ ತಲುಪುತ್ತದೆ. ಆದ್ದರಿಂದ ಕೋರಿಕೆಯನ್ನು ಮೊದಲಿಗೆ ತಂದರಷ್ಟೇ ಸಾಲದು, ಅದನ್ನು ಪ್ರತ್ಯೇಕವಾದ ಚಿಕ್ಕ ವಾಕ್ಯವಾಗಿಯೂ ಬರೆಯಬೇಕಾಗುತ್ತದೆ. ಅದೇ ಪತ್ರವನ್ನು ಹೀಗೆ ಬದಲಿಸಬಹುದು:

“ವಿಷಯ: ಕುಡಿಯುವ ನೀರು ಸ್ಥಗಿತ – ಶುಕ್ರವಾರದೊಳಗೆ ಪರಿವರ್ತಕ ಬದಲಿಸಲು ಕೋರಿಕೆ. ಮಾನ್ಯರೇ, ಗ್ರಾಮದ ಕೊಳವೆಬಾವಿಗೆ ವಿದ್ಯುತ್ ಒದಗಿಸುವ 63 ಕೆ.ವಿ.ಎ. ಪರಿವರ್ತಕವನ್ನು ಶುಕ್ರವಾರದೊಳಗೆ ಬದಲಿಸಿಕೊಡಬೇಕೆಂದು ಕೋರುತ್ತೇವೆ. ಅದು ಸೋಮವಾರ ರಾತ್ರಿ ಸುಟ್ಟಿದ್ದು, 140 ಮನೆಗಳಿಗೆ ನೀರಿಲ್ಲ. ಟ್ಯಾಂಕರ್ ವ್ಯವಸ್ಥೆ ಶುಕ್ರವಾರದವರೆಗೆ ಮಾತ್ರ ಇದೆ.”

ಇಲ್ಲಿ ಏನು ಬೇಕು, ಯಾವಾಗ ಬೇಕು, ತಡವಾದರೆ ಏನಾಗುತ್ತದೆ ಎಂಬ ಮೂರೂ ಸಂಗತಿಗಳು ಆರಂಭದಲ್ಲೇ ಬಂದಿವೆ. ಮೂರನೆಯದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ದಿನಾಂಕಕ್ಕೆ ಕಾರಣವಿಲ್ಲದಿದ್ದರೆ ಅದು ಬರಿಯ ಅವಸರವಾಗಿ ಕಾಣುತ್ತದೆ; ಟ್ಯಾಂಕರ್ ನಿಲ್ಲುವ ದಿನವೆಂದು ತಿಳಿದಾಗ ಆ ಶುಕ್ರವಾರಕ್ಕೆ ತೂಕ ಬರುತ್ತದೆ. ಇದರ ಕೆಳಗೆ ಸಂಪರ್ಕದ ಆರ್.ಆರ್. ಸಂಖ್ಯೆ, 1912ರಲ್ಲಿ ದಾಖಲಾದ ದೂರಿನ ಸಂಖ್ಯೆ, ಸ್ಥಳದಲ್ಲಿ ಸಿಗುವವರ ದೂರವಾಣಿ, ಹಿಂದಿನ ಪತ್ರಗಳ ಉಲ್ಲೇಖ ಇವುಗಳನ್ನು ಕೊಡಬಹುದು. ಅವು ಅಧಿಕಾರಿಗಿಂತ ಹೆಚ್ಚಾಗಿ ಪತ್ರವನ್ನು ಮುಂದೆ ನಿರ್ವಹಿಸುವ ಶಾಖಾಧಿಕಾರಿಗೆ ಬೇಕಾದವು.

ಹೀಗೆ ನೇರವಾಗಿ ಕೇಳುವುದು ಅಗೌರವವೆಂದು ಕೆಲವು ಸದಸ್ಯರಿಗೆ ಅನ್ನಿಸಬಹುದು. ಆದರೆ ‘ಮಾನ್ಯರೇ’ ಎಂಬ ಸಂಬೋಧನೆ, ‘ಕೋರುತ್ತೇವೆ’ ಎಂಬ ವಿನಯ ಎರಡೂ ಇಲ್ಲಿ ಉಳಿದಿವೆ. ಹೋಗಿರುವುದು ಪೀಠಿಕೆ ಮಾತ್ರ. ಶಿಸ್ತಿಗೆ ಹೆಸರಾದ ಅಮೆರಿಕದ ಸೇನೆಯೂ ತನ್ನ ಪತ್ರವ್ಯವಹಾರದ ನಿಯಮಾವಳಿಯಲ್ಲಿ ಮುಖ್ಯ ಸಂಗತಿಯನ್ನು ಆರಂಭದಲ್ಲೇ ಹೇಳುವಂತೆ ವಿಧಿಸಿದೆ.

ಸಾಮಾನ್ಯವಾಗಿ ಆಗುವ ತಪ್ಪುಗಳಲ್ಲಿ ಒಂದು, ಪರಿವರ್ತಕ, ಬೀದಿದೀಪ, ಬಾಗಿದ ಕಂಬ ಎಲ್ಲವನ್ನೂ ಒಂದೇ ಪತ್ರದಲ್ಲಿ ಸೇರಿಸುವುದು. ಆಗ ಮೊದಲ ಸಾಲಿಗೆ ಯಾವುದನ್ನು ತರಬೇಕೆಂಬುದೇ ತಿಳಿಯುವುದಿಲ್ಲ. ಪ್ರತ್ಯೇಕ ಪತ್ರಗಳೇ ಲೇಸು. ಇನ್ನೊಂದು, ಸಹಿ ಮಾಡಿದ ಪತ್ರವನ್ನು ಸ್ಕ್ಯಾನ್ ಮಾಡಿ ಲಗತ್ತಿಸಿ, ಇ-ಮೇಲಿನಲ್ಲಿ “ಲಗತ್ತನ್ನು ಅವಗಾಹಿಸುವುದು” ಎಂದಷ್ಟೇ ಬರೆಯುವುದು. ಸಹಿಯುಳ್ಳ ಪತ್ರ ಕಡತಕ್ಕೆ ಬೇಕೇ ಬೇಕು. ಆದರೆ ಕೋರಿಕೆಯ ಆ ಎರಡು ಮೂರು ಸಾಲುಗಳನ್ನು ಇ-ಮೇಲಿನಲ್ಲಿಯೂ ಟೈಪ್ ಮಾಡಬೇಕು. “ಪೂರ್ಣ ವಿವರ ಸಲ್ಲಿಸಿ” ಎಂಬ ಉತ್ತರ ಬಂದು, ಕೇಳಿದ ವಿವರವು ಕಳುಹಿಸಿದ ಪತ್ರದಲ್ಲೇ ಇದ್ದರೆ, ಅದು ಓದುವವರ ಕಣ್ಣಿಗೆ ಬೀಳದ ಜಾಗದಲ್ಲಿತ್ತೆಂದು ತಿಳಿಯಬಹುದು.

ಎಲ್ಲ ಪತ್ರಗಳಿಗೂ ಈ ಕ್ರಮ ಹೊಂದುವುದಿಲ್ಲ. ಕಾರಣ ಕೇಳುವ ನೋಟಿಸಿಗೆ ನೀಡುವ ಸಮಜಾಯಿಷಿ ಅಥವಾ ಮೇಲ್ಮನವಿಯಲ್ಲಿ ಘಟನೆಗಳನ್ನು ದಿನಾಂಕದ ಅನುಕ್ರಮದಲ್ಲಿ ಪೂರ್ಣವಾಗಿ ದಾಖಲಿಸಲೇಬೇಕು; ಅಲ್ಲಿ ಪತ್ರವನ್ನು ಸಾಲುಸಾಲಾಗಿ ಓದಲಾಗುತ್ತದೆ.

ಕಳುಹಿಸುವ ಮುನ್ನ ಪತ್ರವನ್ನು ಪಂಚಾಯಿತಿಯವರದೇ ಒಂದು ಮೊಬೈಲಿಗೆ ಕಳುಹಿಸಿ, ತೆರೆಯದೆ, ಪಟ್ಟಿಯಲ್ಲಿ ಕಾಣುವಷ್ಟನ್ನೇ ವಿಷಯ ತಿಳಿಯದ ಒಬ್ಬ ಸದಸ್ಯರಿಂದ ಓದಿಸಬಹುದು. ಪಂಚಾಯಿತಿ ಏನು ಕೇಳುತ್ತಿದೆಯೆಂದು ಅವರಿಗೆ ಹೇಳಲು ಆಗದಿದ್ದರೆ ವಿಷಯವನ್ನೂ ಮೊದಲ ವಾಕ್ಯವನ್ನೂ ಮತ್ತೆ ಬರೆಯತಕ್ಕದ್ದು.