ಅರಬ್ಬಿ ವ್ಯಾಕರಣದಲ್ಲಿ 11ರಿಂದ 99ರವರೆಗಿನ ಸಂಖ್ಯಾವಾಚಕಗಳು

ಅರಬ್ಬಿ ಭಾಷೆಯಲ್ಲಿ 11ರಿಂದ 99ರವರೆಗಿನ ಸಂಖ್ಯಾವಾಚಕಗಳ ಮುಂದೆ ಬರುವ ನಾಮಪದವು ಏಕವಚನದಲ್ಲಿಯೂ ದ್ವಿತೀಯಾ ವಿಭಕ್ತಿಯಲ್ಲಿಯೂ ಇರುತ್ತದೆ. ಇದು ಶಿಷ್ಟ ಅರಬ್ಬಿಯ ನಿಯಮ. ಹದಿನೈದು ಪುಸ್ತಕಗಳು ಎನ್ನುವುದಕ್ಕೆ ಆ ಭಾಷೆಯಲ್ಲಿ ‘ಖಮ್ಸತ ಅಶರ ಕಿತಾಬನ್’ ಎನ್ನುತ್ತಾರೆ. ಇಲ್ಲಿ ‘ಕಿತಾಬನ್’ ಎಂಬುದು ‘ಪುಸ್ತಕವನ್ನು’ ಎಂಬ ಏಕವಚನ ರೂಪ. ಇದರೊಡನೆ, 13ರಿಂದ 19ರವರೆಗಿನ ಸಂಖ್ಯೆಗಳಲ್ಲಿ ಬಿಡಿ ಅಂಕಿಯ ಪದವು ನಾಮಪದಕ್ಕೆ ವಿರುದ್ಧವಾದ ಲಿಂಗವನ್ನೂ, ಹತ್ತನ್ನು ಸೂಚಿಸುವ ಪದವು ನಾಮಪದದ ಲಿಂಗವನ್ನೇ ತಾಳುತ್ತವೆ. ಅರಬ್ಬಿಯನ್ನು ಕಲಿಯುವವರು ಅತಿ ಹೆಚ್ಚು ತಪ್ಪು ಮಾಡುವ ಪ್ರಕರಣಗಳಲ್ಲಿ ಇದೂ ಒಂದು.

ಈ ಲೇಖನದಲ್ಲಿ ಅರಬ್ಬಿ ಪದಗಳನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ‘ಐನ್’ ಎಂಬ ಗಂಟಲಿನ ವ್ಯಂಜನಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲದ ಕಾರಣ ಅದು ಬರುವಲ್ಲಿ ಸ್ವರವನ್ನಷ್ಟೇ ಬರೆಯಲಾಗಿದೆ. ‘ಥ’ಕಾರವನ್ನು ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಉಸುರಿದಂತೆ ಉಚ್ಚರಿಸಬೇಕು.

ನಾಮಪದ ಏಕೆ ದ್ವಿತೀಯೆಯಲ್ಲಿದೆ

ಅರಬ್ಬಿಯಲ್ಲಿ ಮೂರು ವಿಭಕ್ತಿಗಳಿವೆ. ಕರ್ತೃವಿಗೆ ಪ್ರಥಮೆ, ಕರ್ಮಕ್ಕೆ ದ್ವಿತೀಯೆ, ಸಂಬಂಧಕ್ಕೂ ಉಪಸರ್ಗಗಳ ಮುಂದಕ್ಕೂ ಷಷ್ಠಿ. ಕನ್ನಡದ ‘ಅನ್ನು’ ಪ್ರತ್ಯಯಕ್ಕೆ ಒಗ್ಗಿದವರಿಗೆ ಇಲ್ಲಿ ಒಂದು ಸಂದೇಹ ಹುಟ್ಟುವುದು ಸಹಜ: ‘ಹದಿನೈದು ಪುಸ್ತಕಗಳಿವೆ’ ಎಂಬ ವಾಕ್ಯದಲ್ಲಿ ಯಾರೂ ಪುಸ್ತಕವನ್ನು ಏನೂ ಮಾಡುತ್ತಿಲ್ಲ, ಆದರೂ ದ್ವಿತೀಯೆ ಏಕೆ? ಉತ್ತರ ಮೂರರಿಂದ ಹತ್ತರವರೆಗಿನ ಸಂಖ್ಯೆಗಳಲ್ಲಿದೆ.

ಮೂರರಿಂದ ಹತ್ತರವರೆಗೆ ಸಂಖ್ಯಾಪದವೂ ನಾಮಪದವೂ ಷಷ್ಠೀ ಸಂಬಂಧದಲ್ಲಿ ಕೂಡಿಕೊಳ್ಳುತ್ತವೆ. ‘ಖಮ್ಸತು ಕುತುಬಿನ್’ ಎಂದರೆ ಅಕ್ಷರಶಃ ‘ಪುಸ್ತಕಗಳ ಐದು’. ನಾಮಪದ ಬಹುವಚನದಲ್ಲಿ, ಷಷ್ಠಿಯಲ್ಲಿ ಇದೆ. ಇಂತಹ ಸಂಬಂಧವನ್ನು ಅರಬ್ಬಿ ವ್ಯಾಕರಣಕಾರರು ‘ಇದಾಫಾ’ ಎಂದು ಕರೆಯುತ್ತಾರೆ. ಇದಾಫಾ ಆಗಬೇಕಾದರೆ ಮೊದಲ ಪದದ ಕೊನೆ ತೆರೆದಿರಬೇಕು. ಅದರ ತುದಿಯಲ್ಲಿ ನಕಾರ ಇದ್ದರೆ ಅದು ಲೋಪವಾಗಬೇಕು.

ಹನ್ನೊಂದರಿಂದ ಮುಂದಕ್ಕೆ ಈ ಬಾಗಿಲು ಮುಚ್ಚುತ್ತದೆ. 11ರಿಂದ 19ರವರೆಗೆ ಎರಡು ಪದಗಳು ಬೆಸೆದು ಒಂದಾಗಿವೆ. ‘ಖಮ್ಸತ’ ಎಂಬುದರ ಮುಂದೆ ಆಗಲೇ ‘ಅಶರ’ ಬಂದು ಕುಳಿತಿರುವುದರಿಂದ ಅಲ್ಲಿ ಇನ್ನೊಂದು ಪದಕ್ಕೆ ಷಷ್ಠಿಯಲ್ಲಿ ಸೇರಲು ಸ್ಥಳವಿಲ್ಲ. 20, 30 ಮುಂತಾದ ಹತ್ತುಗಳಾದರೋ ‘ಇಶ್ರೂನ’, ‘ಥಲಾಥೂನ’ ಎಂದು ನಕಾರದಲ್ಲಿ ಮುಗಿಯುತ್ತವೆ. ಎಣಿಸುವಾಗ ಆ ನಕಾರ ಬಿದ್ದುಹೋಗುವುದಿಲ್ಲ. ಸಂಖ್ಯಾಪದ ತಾನೇ ಪೂರ್ಣವಾಗಿ ನಿಂತುಬಿಟ್ಟ ಮೇಲೆ, ‘ಇಪ್ಪತ್ತು, ಆದರೆ ಯಾವುದು ಇಪ್ಪತ್ತು?’ ಎಂಬ ಪ್ರಶ್ನೆಗೆ ಉತ್ತರವಾಗಿ ನಾಮಪದ ಹೊರಗಿನಿಂದ ಬರುತ್ತದೆ. ಹೀಗೆ ಅಸ್ಪಷ್ಟತೆಯನ್ನು ನೀಗಿಸುವ ಪದಕ್ಕೆ ‘ತಮ್ಯೀಜ್’ ಎಂದು ಹೆಸರು. ಈ ಶಬ್ದಕ್ಕೆ ಬೇರ್ಪಡಿಸಿ ತೋರಿಸುವುದು ಎಂದು ಅರ್ಥ. ತಮ್ಯೀಜ್‌ಗೆ ಅರಬ್ಬಿಯಲ್ಲಿ ದ್ವಿತೀಯೆಯೇ ಸಹಜ ವಿಭಕ್ತಿ. ಜಾತಿಯನ್ನು ಮಾತ್ರ ಹೇಳಬೇಕಾಗಿರುವುದರಿಂದ ಒಂದು ಪುಸ್ತಕದ ಹೆಸರು ಸಾಕು. ಎಷ್ಟು ಎಂಬುದನ್ನು ಸಂಖ್ಯೆ ಹೇಳಿಯಾಗಿದೆ. ಕನ್ನಡದಲ್ಲಿಯೂ ‘ಹದಿನೈದು ಪುಸ್ತಕ ಕೊಂಡೆ’ ಎನ್ನುತ್ತೇವಲ್ಲದೆ ‘ಗಳು’ ಪ್ರತ್ಯಯವನ್ನು ಕಡ್ಡಾಯವಾಗಿ ಹಚ್ಚುವುದಿಲ್ಲ. ಆದುದರಿಂದ ಏಕವಚನದ ಭಾಗ ನಮ್ಮವರಿಗೆ ತೊಡಕಾಗದು.

8ನೆಯ ಶತಮಾನದ ವ್ಯಾಕರಣಕಾರ ಸೀಬವೈಹಿ ತನ್ನ ‘ಅಲ್-ಕಿತಾಬ್’ ಗ್ರಂಥದಲ್ಲಿ ‘ಇಶ್ರೂನ ದಿರ್ಹಮನ್’, ಅಂದರೆ ಇಪ್ಪತ್ತು ದಿರ್ಹಮುಗಳು, ಎಂಬ ಉದಾಹರಣೆಯನ್ನು ಮತ್ತೆ ಮತ್ತೆ ಬಳಸುತ್ತಾನೆ. ‘ಹೊಡೆಯುವವರು’ ಎಂಬ ಕೃದಂತವು ತನ್ನ ಕೊನೆಯ ನಕಾರವನ್ನು ಉಳಿಸಿಕೊಂಡಾಗ ಮುಂದಿನ ಪದವನ್ನು ಕರ್ಮವಾಗಿ ದ್ವಿತೀಯೆಯಲ್ಲಿ ಇರಿಸುತ್ತದೆ. ‘ಇಶ್ರೂನ’ವೂ ರೂಪದಲ್ಲಿ ಅದನ್ನೇ ಹೋಲುವುದರಿಂದ ಅದೇ ರೀತಿ ವರ್ತಿಸುತ್ತದೆ ಎಂಬುದು ಅವನ ವಿವರಣೆಯ ಸಾರ. ಸಂಖ್ಯೆಯ ಪ್ರಕರಣ ಮಾತ್ರವಲ್ಲ, ಇದೇ ಬಗೆಯ ದ್ವಿತೀಯೆ ಬೇರೆಡೆ ಕಂಡಾಗಲೂ ಅವನು ಈ ಇಪ್ಪತ್ತು ದಿರ್ಹಮುಗಳತ್ತ ಬೆರಳು ತೋರಿಸುತ್ತಾನೆ.

ಹದಿಹರೆಯದ ಸಂಖ್ಯೆಗಳ ಲಿಂಗ

ಕನ್ನಡದ ಸಂಖ್ಯಾಪದಗಳಲ್ಲಿ ಲಿಂಗಭೇದ ‘ಒಬ್ಬ’, ‘ಒಬ್ಬಳು’ ಎಂಬಲ್ಲಿಗೆ ಮುಗಿಯುತ್ತದೆ. ‘ಇಬ್ಬರು’ ಎಂದೊಡನೆ ಅದು ಅಳಿದುಹೋಗುತ್ತದೆ. ಅರಬ್ಬಿಯಲ್ಲಿ ಅದು ಬಹುದೂರ ಮುಂದುವರಿಯುತ್ತದೆ. ಸ್ತ್ರೀಲಿಂಗದ ಸಾಮಾನ್ಯ ಗುರುತು ಪದದ ಕೊನೆಯ ‘ತಾ ಮರ್ಬೂತಾ’ ಎಂಬ ಅಕ್ಷರ. ‘ಖಮ್ಸತ’, ‘ಅಶ್ರತ’ ಎಂಬ ರೂಪಗಳ ಕೊನೆಯಲ್ಲಿ ಕೇಳಿಬರುವ ತಕಾರ ಇದೇ.

ಮೂರರಿಂದ ಹತ್ತರವರೆಗೆ ಈ ಗುರುತು ವಿಪರ್ಯಾಸವಾಗಿ ಬರುತ್ತದೆ. ನಾಮಪದ ಪುಲ್ಲಿಂಗವಾದರೆ ಸಂಖ್ಯೆಗೆ ತಕಾರ ಉಂಟು, ಸ್ತ್ರೀಲಿಂಗವಾದರೆ ಇಲ್ಲ. 13ರಿಂದ 19ರವರೆಗೆ ಬಿಡಿ ಅಂಕಿಯ ಪದ ಈ ಹಳೆಯ ಪದ್ಧತಿಯನ್ನು ಬಿಡುವುದಿಲ್ಲ. ಹತ್ತಿನ ಪದ ಮಾತ್ರ ಬಿಟ್ಟುಕೊಟ್ಟು ನಾಮಪದದ ಲಿಂಗವನ್ನೇ ಹಿಂಬಾಲಿಸುತ್ತದೆ. ಹದಿನೈದು ಪುಸ್ತಕಗಳು (ಪುಲ್ಲಿಂಗ) ‘ಖಮ್ಸತ ಅಶರ ಕಿತಾಬನ್’. ಹದಿನೈದು ಕಾರುಗಳು (ಸ್ತ್ರೀಲಿಂಗ) ‘ಖಮ್ಸ ಅಶ್ರತ ಸಯ್ಯಾರತನ್’. ಎರಡನ್ನೂ ಕಿವಿಗೊಟ್ಟು ಕೇಳಿದರೆ ಒಂದು ಸಂಗತಿ ಹೊಳೆಯುತ್ತದೆ: ಸಂಖ್ಯೆಯ ಎರಡು ಭಾಗಗಳಲ್ಲಿ ತಕಾರ ಒಂದರಲ್ಲಿ ಮಾತ್ರ ಇದೆ. 13ರಿಂದ 19ರವರೆಗೆ ಇದಕ್ಕೆ ಅಪವಾದವಿಲ್ಲ. ಎರಡೂ ಭಾಗಗಳಲ್ಲಿ ತಕಾರವಿದ್ದರೆ, ಅಥವಾ ಎರಡರಲ್ಲಿಯೂ ಇಲ್ಲದಿದ್ದರೆ, ಬರೆದುದು ತಪ್ಪು. ಹತ್ತಿನ ಭಾಗವನ್ನು ನಾಮಪದದೊಡನೆ ಹೊಂದಿಸಿ ನೋಡಿದರೆ ಉಳಿದುದು ತಾನಾಗಿ ಸರಿಹೋಗುತ್ತದೆ.

ಈ ಎರಡು ರೂಪಗಳಲ್ಲಿ ಉಚ್ಚಾರಣೆಯೂ ಬದಲಾಗುತ್ತದೆ. ತಕಾರವಿಲ್ಲದಾಗ ‘ಅಶರ’ ಎಂದು ಶಕಾರಕ್ಕೆ ಸ್ವರವಿದೆ. ತಕಾರವಿದ್ದಾಗ ‘ಅಶ್ರತ’ ಎಂದು ಸ್ವರ ಹೋಗುತ್ತದೆ. ಹತ್ತು ಒಂಟಿಯಾಗಿ ಬಂದಾಗ ಇದು ತಿರುವುಮುರುವು: ಹತ್ತು ಪುರುಷರಿಗೆ ‘ಅಶರತು’, ಹತ್ತು ಸ್ತ್ರೀಯರಿಗೆ ‘ಅಶ್ರು’. ಹತ್ತನ್ನು ಚೆನ್ನಾಗಿ ಬಾಯಿಪಾಠ ಮಾಡಿದ ವಿದ್ಯಾರ್ಥಿಯೇ ಹದಿನೈದರಲ್ಲಿ ಎಡವುವುದು ಇದರಿಂದಾಗಿ.

ಹನ್ನೊಂದು, ಹನ್ನೆರಡು ಬೇರೆ ಗುಂಪಿಗೆ ಸೇರಿದವು. ಇಲ್ಲಿ ವಿಪರ್ಯಾಸವಿಲ್ಲ, ಎರಡೂ ಭಾಗಗಳು ನಾಮಪದದ ಲಿಂಗವನ್ನೇ ತಾಳುತ್ತವೆ. ‘ಅಹದ ಅಶರ ಕಿತಾಬನ್’ ಮತ್ತು ‘ಇಹ್ದಾ ಅಶ್ರತ ಸಯ್ಯಾರತನ್’. ‘ಇಥ್ನಾ ಅಶರ ಕಿತಾಬನ್’ ಮತ್ತು ‘ಇಥ್ನತಾ ಅಶ್ರತ ಸಯ್ಯಾರತನ್’. ವಿಭಕ್ತಿಯ ವಿಷಯದಲ್ಲಿ ಹನ್ನೆರಡು ಇನ್ನೂ ಒಂದು ಹೆಜ್ಜೆ ಬೇರೆ. 11 ಮತ್ತು 13–19 ಯಾವ ವಿಭಕ್ತಿಯ ಸ್ಥಾನದಲ್ಲಿ ಬಂದರೂ ಅವುಗಳ ಎರಡು ಭಾಗಗಳ ಕೊನೆಯ ಸ್ವರ ಬದಲಾಗುವುದಿಲ್ಲ. ಹನ್ನೆರಡರ ಮೊದಲ ಭಾಗ ಮಾತ್ರ ದ್ವಿವಚನದಂತೆ ಬದಲಾಗಿ, ದ್ವಿತೀಯೆಯಲ್ಲಿಯೂ ಷಷ್ಠಿಯಲ್ಲಿಯೂ ‘ಇಥ್ನೈ ಅಶರ’, ‘ಇಥ್ನತೈ ಅಶ್ರತ’ ಎಂದಾಗುತ್ತದೆ.

ಲಿಂಗದ ಈ ವಿಪರ್ಯಾಸ ಅರಬ್ಬಿಯೊಂದರದೇ ಸೊತ್ತಲ್ಲ. ಅದರ ಸೋದರ ಭಾಷೆಯಾದ ಹೀಬ್ರೂವಿನಲ್ಲಿಯೂ ಪುಲ್ಲಿಂಗಕ್ಕೆ ‘ಶ್ಲೋಶಾ ಅಸಾರ್’, ಸ್ತ್ರೀಲಿಂಗಕ್ಕೆ ‘ಶ್ಲೋಶ್ ಎಸ್ರೇ’ ಎಂದು ಹದಿಮೂರು ಇದೇ ಬಗೆಯಲ್ಲಿ ಅಡ್ಡಹಾಯುತ್ತದೆ.

ಇಪ್ಪತ್ತರಿಂದ ತೊಂಬತ್ತೊಂಬತ್ತರವರೆಗೆ

ಪೂರ್ಣ ಹತ್ತುಗಳಿಗೆ ಲಿಂಗಭೇದವಿಲ್ಲ. ‘ಇಶ್ರೂನ’ ಪುಸ್ತಕಕ್ಕೂ ಸಲ್ಲುತ್ತದೆ, ಕಾರಿಗೂ ಸಲ್ಲುತ್ತದೆ. ದ್ವಿತೀಯೆ, ಷಷ್ಠಿಗಳಲ್ಲಿ ಅದು ‘ಇಶ್ರೀನ’ ಆಗುತ್ತದೆ. ನಡುವಿನ ಸಂಖ್ಯೆಗಳಲ್ಲಿ ಬಿಡಿ ಅಂಕಿ ಮೊದಲು, ಹತ್ತು ಆಮೇಲೆ. ನಡುವೆ ‘ಮತ್ತು’ ಎಂಬರ್ಥದ ‘ವ’. ಕನ್ನಡದ ‘ಇಪ್ಪತ್ತೈದು’ ಅಲ್ಲಿ ‘ಐದು ಮತ್ತು ಇಪ್ಪತ್ತು’. ಸಂಸ್ಕೃತದ ‘ಪಂಚವಿಂಶತಿ’ ಬಲ್ಲವರಿಗೆ ಈ ಕ್ರಮ ಹೊಸದಲ್ಲ. ಬಿಡಿ ಅಂಕಿ ಮೂರರಿಂದ ಒಂಬತ್ತರೊಳಗಿನದಾದರೆ ವಿಪರ್ಯಾಸದ ನಿಯಮ ಎಂದಿನಂತೆ ಅನ್ವಯಿಸುತ್ತದೆ. ಒಂದು, ಎರಡು ನಾಮಪದವನ್ನೇ ಅನುಸರಿಸುತ್ತವೆ. ಇಲ್ಲಿ ಬೆಸುಗೆ ಇಲ್ಲದಿರುವುದರಿಂದ ಎರಡೂ ಭಾಗಗಳಿಗೆ ವಿಭಕ್ತಿ ಹತ್ತುತ್ತದೆ.

ಒಂದು ಉದಾಹರಣೆ

ತರಗತಿಯೊಂದರಲ್ಲಿ 13 ವಿದ್ಯಾರ್ಥಿಗಳೂ 16 ವಿದ್ಯಾರ್ಥಿನಿಯರೂ ಇದ್ದಾರೆ ಎನ್ನೋಣ. ವಿದ್ಯಾರ್ಥಿಗೆ ‘ತಾಲಿಬ್’, ವಿದ್ಯಾರ್ಥಿನಿಗೆ ‘ತಾಲಿಬಾ’. ಹುಡುಗರು ‘ಥಲಾಥತ ಅಶರ ತಾಲಿಬನ್’: ತಾಲಿಬ್ ಪುಲ್ಲಿಂಗವಾದ ಕಾರಣ ಹತ್ತಿಗೆ ತಕಾರವಿಲ್ಲ, ಮೂರಕ್ಕೆ ಇದೆ. ಹುಡುಗಿಯರು ‘ಸಿತ್ತ ಅಶ್ರತ ತಾಲಿಬತನ್’: ಈಗ ತಕಾರ ಹತ್ತಿಗೆ ದಾಟಿದೆ. ಇಲ್ಲಿ ಕಿವಿ ಮೋಸಹೋಗಬಾರದು. ‘ಸಿತ್ತ’ದ ತಕಾರ ಆರು ಎಂಬ ಪದದ ಮೂಲದಲ್ಲೇ ಇರುವುದು, ಲಿಂಗದ ಗುರುತಲ್ಲ. ಗುರುತು ಸೇರಿದರೆ ಅದು ‘ಸಿತ್ತತ’ ಆಗುತ್ತದೆ.

ಒಟ್ಟು 29 ಮಂದಿ. ಮಿಶ್ರ ಗುಂಪಿಗೆ ಪುಲ್ಲಿಂಗ ಬಳಸುವುದರಿಂದ ‘ತಿಸ್‌ಅತುನ್ ವ ಇಶ್ರೂನ ತಾಲಿಬನ್’. ‘ನಾನು 29 ವಿದ್ಯಾರ್ಥಿಗಳನ್ನು ಕಂಡೆ’ ಎನ್ನುವಾಗ ಸಂಖ್ಯೆ ‘ತಿಸ್‌ಅತನ್ ವ ಇಶ್ರೀನ’ ಎಂದು ಬದಲಾಗುತ್ತದೆ; ‘29 ವಿದ್ಯಾರ್ಥಿಗಳೊಡನೆ’ ಎನ್ನುವಾಗ ‘ತಿಸ್‌ಅತಿನ್ ವ ಇಶ್ರೀನ’. ಮೂರು ವಾಕ್ಯಗಳಲ್ಲಿಯೂ ‘ತಾಲಿಬನ್’ ಕದಲುವುದಿಲ್ಲ. ‘ಒಡನೆ’ ಎಂಬ ಅರ್ಥದ ‘ಮಅ’ ಮುಂದಿದೆಯೆಂದು ‘ತಾಲಿಬಿನ್’ ಎಂದು ಷಷ್ಠಿ ಬರೆಯುವುದು ಸಾಮಾನ್ಯವಾದ ತಪ್ಪು. ಆ ಪದದ ಪ್ರಭಾವ ಸಂಖ್ಯೆಯವರೆಗೆ ಮಾತ್ರ.

ಬರವಣಿಗೆಯಲ್ಲಿ ಗುರುತಿಸುವ ಬಗೆ

ಅರಬ್ಬಿ ಪತ್ರಿಕೆಗಳಲ್ಲಿಯೂ ಪುಸ್ತಕಗಳಲ್ಲಿಯೂ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹಾಗಿದ್ದರೂ ಈ ದ್ವಿತೀಯೆ ಕಣ್ಣಿಗೆ ಕಾಣುತ್ತದೆ: ‘ಕಿತಾಬನ್’ ಮುಂತಾದ ಪದಗಳ ಕೊನೆಯಲ್ಲಿ ಒಂದು ‘ಅಲಿಫ್’ ಅಕ್ಷರ ನಿಲ್ಲುತ್ತದೆ. ಹದಿನೈದರ ಮುಂದೆ ಆ ಅಲಿಫ್ ಇಲ್ಲದ ‘ಕಿತಾಬ್’ ಇದ್ದರೆ ಬರೆದವರು ಮಾತಿನ ರೂಢಿಯನ್ನು ಬರವಣಿಗೆಗೆ ತಂದಿದ್ದಾರೆ ಎಂದು ತಿಳಿಯಬಹುದು. ತಾ ಮರ್ಬೂತಾದಲ್ಲಿ ಮುಗಿಯುವ ‘ಸಯ್ಯಾರಾ’ದಂತಹ ಪದಗಳಿಗೆ ಮಾತ್ರ ಅಲಿಫ್ ಸೇರುವುದಿಲ್ಲ.

ಗುರುತಿಲ್ಲದ ಸ್ತ್ರೀಲಿಂಗ ಪದಗಳಲ್ಲಿ ಎಚ್ಚರ ಬೇಕು. ಮನೆ ಎಂಬರ್ಥದ ‘ದಾರ್’ ನೋಡಲು ಪುಲ್ಲಿಂಗದಂತಿದ್ದರೂ ಸ್ತ್ರೀಲಿಂಗ. ಆದುದರಿಂದ ‘ಖಮ್ಸ ಅಶ್ರತ ದಾರನ್’ ಎಂಬುದೇ ಸರಿ. ಕ್ರಮವಾಚಕಗಳನ್ನೂ ಇದರೊಡನೆ ಬೆರಸಬಾರದು. ‘ಹದಿಮೂರನೆಯ’ ಎನ್ನುವಾಗ ಎರಡೂ ಭಾಗಗಳು ನಾಮಪದದ ಲಿಂಗವನ್ನೇ ಅನುಸರಿಸುತ್ತವೆ.

ಒಂದು ಚರ್ಚಿತ ಪ್ರಯೋಗ

ಕುರ್‌ಆನಿನ 7ನೆಯ ಅಧ್ಯಾಯದ 160ನೆಯ ವಚನದಲ್ಲಿ ಹನ್ನೆರಡರ ಮುಂದೆ ‘ಕುಲಗಳು’ ಎಂಬರ್ಥದ ಬಹುವಚನ ಪದ ಬಂದಿದೆ. ಅದರ ಏಕವಚನ ಪುಲ್ಲಿಂಗವಾಗಿದ್ದರೂ ಸಂಖ್ಯೆ ಸ್ತ್ರೀಲಿಂಗದಲ್ಲಿದೆ. ಮೇಲ್ನೋಟಕ್ಕೆ ಎರಡು ನಿಯಮಗಳೂ ಒಮ್ಮೆಗೇ ಮುರಿದಂತೆ ತೋರುತ್ತದೆ. ವ್ಯಾಕರಣಕಾರರಲ್ಲಿ ಪ್ರಚಲಿತವಾದ ಸಮಾಧಾನದ ಪ್ರಕಾರ ನಿಜವಾದ ತಮ್ಯೀಜ್ ‘ಗುಂಪು’ ಎಂಬರ್ಥದ ಸ್ತ್ರೀಲಿಂಗ ಏಕವಚನ ಪದ, ಅದು ಅಧ್ಯಾಹಾರವಾಗಿದೆ. ಬಹುವಚನ ಪದವು ಸಂಖ್ಯೆಗೆ ಪರ್ಯಾಯವಾಗಿ ನಿಂತ ವಿವರಣೆ. ಹೀಗೆ ಓದಿದರೆ ಲಿಂಗವೂ ವಚನವೂ ಹೊಂದುತ್ತವೆ.

ಆಡುಮಾತಿನಲ್ಲಿ

ಇಂದಿನ ಅರಬ್ಬಿ ಆಡುಭಾಷೆಗಳಲ್ಲಿ ವಿಭಕ್ತಿಯ ಸ್ವರಗಳು ಉದುರಿಹೋಗಿರುವುದರಿಂದ ದ್ವಿತೀಯೆ ಕೇಳಿಸುವುದಿಲ್ಲ. ಹದಿಹರೆಯದ ಸಂಖ್ಯೆಗಳು ಎರಡೂ ಲಿಂಗಗಳಿಗೆ ಒಂದೇ ರೂಪಕ್ಕೆ ಕುಗ್ಗಿವೆ. ಈಜಿಪ್ಟಿನಲ್ಲಿ ಹದಿನೈದು ಎಂದರೆ ಪುಸ್ತಕಕ್ಕೂ ಕಾರಿಗೂ ‘ಖಮಸ್ತಾಶರ್’. ಆದರೆ ನಾಮಪದದ ಏಕವಚನ ಅಲ್ಲಿಯೂ ಉಳಿದಿದೆ: ‘ಖಮಸ್ತಾಶರ್ ಕಿತಾಬ್’.