ಒಂದೇ ಕಾರ್ಡಿನ ತುರ್ತು ಸಾಲು

ಯಾವುದೇ ಸಾಫ್ಟ್‌ವೇರ್ ತಂಡದ ಜೊತೆ ಒಂದು ವಾರ ಕೂತರೆ ‘ಇದು ಅರ್ಜೆಂಟ್, ಇವತ್ತೇ ಆಗಬೇಕು’ ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಅವುಗಳಲ್ಲಿ ನಿಜಕ್ಕೂ ಇವತ್ತೇ ಆಗಬೇಕಾದದ್ದು ಒಂದೋ ಎರಡೋ ಇರುತ್ತದೆ. ಗ್ರಾಹಕರ ದುಡ್ಡು ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಯಾರಿಗೂ ಲಾಗಿನ್ ಆಗುತ್ತಿರುವುದಿಲ್ಲ. ಅಂಥದ್ದನ್ನು ಬೇಗ ಮುಗಿಸಬೇಕು, ಆದರೆ ಅದರ ಗದ್ದಲದಲ್ಲಿ ತಂಡದ ಉಳಿದ ಕೆಲಸ ಹಳಿ ತಪ್ಪಬಾರದು. ಇದಕ್ಕೆಂದೇ ಕಾನ್‌ಬಾನ್ ಬೋರ್ಡಿನ ಮೇಲ್ತುದಿಯಲ್ಲಿ ಒಂದು ಅಡ್ಡ ಸಾಲು ಎಳೆಯುತ್ತಾರೆ. ಎಕ್ಸ್‌ಪಿಡೈಟ್ ಲೇನ್ ಎಂದು ಅದರ ಹೆಸರು. ಗೆರೆ ಎಳೆಯಲು ಒಂದು ನಿಮಿಷ ಸಾಕು. ಅದನ್ನು ಕಾಯುವುದು ಕಷ್ಟದ ಕೆಲಸ.

ಕಾನ್‌ಬಾನ್ ಟೊಯೋಟಾ ಕಾರ್ಖಾನೆಯಿಂದ ಬಂದ ಪದ್ಧತಿ. ಅದನ್ನು ಸಾಫ್ಟ್‌ವೇರ್ ಕೆಲಸಕ್ಕೆ ಒಗ್ಗಿಸಿ 2010ರಲ್ಲಿ ಪುಸ್ತಕ ಬರೆದವರು ಡೇವಿಡ್ ಆಂಡರ್ಸನ್. ಬೋರ್ಡಿನಲ್ಲಿ ಕೆಲಸದ ಒಂದೊಂದು ಹಂತಕ್ಕೂ ಒಂದೊಂದು ಕಾಲಂ, ಒಂದೊಂದು ಕೆಲಸಕ್ಕೂ ಒಂದು ಕಾರ್ಡ್. ಪ್ರತಿ ಕಾಲಂನ ತಲೆಯ ಮೇಲೆ ಒಂದು ಸಂಖ್ಯೆ ಇರುತ್ತದೆ. ಆ ಹಂತದಲ್ಲಿ ಏಕಕಾಲಕ್ಕೆ ಅಷ್ಟೇ ಕಾರ್ಡ್ ಇರಬಹುದು ಎಂದು ಅದರ ಅರ್ಥ. ಡೆವಲಪ್‌ಮೆಂಟ್‌ನಲ್ಲಿ ನಾಲ್ಕು, ರಿವ್ಯೂನಲ್ಲಿ ಎರಡು, ಟೆಸ್ಟಿಂಗ್‌ನಲ್ಲಿ ಮೂರು, ರಿಲೀಸ್‌ನಲ್ಲಿ ಒಂದು ಎಂದಿಟ್ಟುಕೊಳ್ಳೋಣ. ಒಟ್ಟು ಹತ್ತು. ಒಂದು ಕಾರ್ಡ್ ಮುಂದಿನ ಕಾಲಂಗೆ ಸರಿದು ಜಾಗ ಖಾಲಿಯಾದ ಮೇಲಷ್ಟೇ ಹಿಂದಿನಿಂದ ಇನ್ನೊಂದನ್ನು ಎಳೆದುಕೊಳ್ಳಬೇಕು.

ಈ ಮಿತಿ ಯಾಕೆ ಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ. 1961ರಲ್ಲಿ ಜಾನ್ ಲಿಟಲ್ ಎಂಬುವರು ಸಾಧಿಸಿ ತೋರಿಸಿದ ಸೂತ್ರ ಅದು. ಕೈಯಲ್ಲಿರುವ ಕೆಲಸವನ್ನು ವಾರಕ್ಕೆ ಮುಗಿಯುವ ಕೆಲಸದಿಂದ ಭಾಗಿಸಿದರೆ ಒಂದು ಕೆಲಸ ಸರಾಸರಿ ಎಷ್ಟು ವಾರ ತೆಗೆದುಕೊಳ್ಳುತ್ತದೆ ಎಂಬುದು ಸಿಗುತ್ತದೆ. ನಮ್ಮ ತಂಡ ವಾರಕ್ಕೆ ಐದು ಕಾರ್ಡ್ ಮುಗಿಸುತ್ತದೆ ಎಂದರೆ, ಹತ್ತನ್ನು ಐದರಿಂದ ಭಾಗಿಸಿದಾಗ ಎರಡು ವಾರ. ಮಿತಿ ಮೀರಿ ಇನ್ನೂ ಐದು ‘ಅರ್ಜೆಂಟ್’ ಕಾರ್ಡ್ ತುರುಕಿ ಅವು ಯಾವಾಗಲೂ ಬೋರ್ಡಿನಲ್ಲಿ ಇರುವಂತಾದರೆ ಅದು ಮೂರು ವಾರವಾಗುತ್ತದೆ. ಅಡಚಣೆಗಳಿಂದಾಗಿ ವಾರಕ್ಕೆ ನಾಲ್ಕೇ ಮುಗಿಯುವಂತಾದರೆ ಹೆಚ್ಚುಕಡಿಮೆ ನಾಲ್ಕು ವಾರ. ಯಾರೂ ಸೋಮಾರಿಗಳಾಗಿಲ್ಲ, ಎಲ್ಲರೂ ಮೊದಲಿಗಿಂತ ಹೆಚ್ಚೇ ದುಡಿಯುತ್ತಿದ್ದಾರೆ. ಆದರೂ ಗ್ರಾಹಕ ಕಾಯುವ ಕಾಲ ಇಮ್ಮಡಿಯಾಗಿದೆ.

ನಡುವೆ ಕೈಬಿಟ್ಟ ಕೆಲಸ ಯಾಕೆ ಅಷ್ಟು ದುಬಾರಿ ಎಂಬುದನ್ನು ಹಿಟ್ಟಿನ ಗಿರಣಿಯಲ್ಲಿ ನೋಡಬಹುದು. ರಾಗಿ ಬೀಸುತ್ತಿರುವಾಗ ಯಾರೋ ಅವಸರದಲ್ಲಿ ಎರಡು ಸೇರು ಅಕ್ಕಿ ತಂದು ‘ಮೊದಲು ಇದು ಹಾಕಿ’ ಎಂದರೆ, ರಾಗಿ ಪೂರ್ತಿ ಇಳಿಯಬೇಕು, ಕಲ್ಲು ಚೊಕ್ಕಟವಾಗಬೇಕು, ಅಕ್ಕಿ ಮುಗಿದ ಮೇಲೆ ಇದೇ ಕೆಲಸ ಮತ್ತೊಮ್ಮೆ ಆಗಬೇಕು. ಬೀಸಿದ್ದು ಎರಡು ಸೇರಾದರೂ ಸರದಿಗೆ ಬಿದ್ದ ಹೊರೆ ಅದಕ್ಕಿಂತ ದೊಡ್ಡದು. ಡೆವಲಪರ್ ತಲೆಯಲ್ಲೂ ಹೀಗೇ ಇಳಿಸಿ ತುಂಬುವ ಕೆಲಸ ನಡೆಯುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ನೆರೆಯ ಹೈದರಾಬಾದಿನಲ್ಲೇ ಇದೆ. 2004ರಲ್ಲಿ ಮೈಕ್ರೋಸಾಫ್ಟ್ ತನ್ನ ಒಳಬಳಕೆಯ ತಂತ್ರಾಂಶಗಳನ್ನು ನೋಡಿಕೊಳ್ಳಲು ಅಲ್ಲಿ ಒಂದು ಸಣ್ಣ ತಂಡ ಇಟ್ಟುಕೊಂಡಿತ್ತು. ಅದರ ಮ್ಯಾನೇಜರ್ ಆಗಿ ಬಂದವರು ಡ್ರಾಗೋಸ್ ದುಮಿತ್ರಿಯು, ಸಲಹೆ ಕೊಟ್ಟವರು ಆಂಡರ್ಸನ್. ಆ ತಂಡಕ್ಕೆ ಬಂದ ಒಂದು ಕೋರಿಕೆ ಮುಗಿಯಲು ಸರಾಸರಿ 155 ದಿನ ಹಿಡಿಯುತ್ತಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಒಂದು ನಿಯಮ. ಯಾವುದೇ ಹೊಸ ಕೋರಿಕೆ ಬಂದರೂ ಅದಕ್ಕೆ ಎಷ್ಟು ಖರ್ಚಾದೀತು ಎಂಬ ಅಂದಾಜನ್ನು 48 ಗಂಟೆಯೊಳಗೆ ಕೊಡಬೇಕಿತ್ತು. ಹಾಗಾಗಿ ಅಂದಾಜಿನ ಕೆಲಸ ಬಂದಾಗಲೆಲ್ಲ ಡೆವಲಪರ್‌ಗಳು ಕೈಯಲ್ಲಿದ್ದದ್ದನ್ನು ಬಿಟ್ಟು ಏಳುತ್ತಿದ್ದರು. ತಂಡದ ಶಕ್ತಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿಲ್ಲದಷ್ಟು ಅದರಲ್ಲೇ ಕರಗುತ್ತಿತ್ತು. ಅಂದಾಜು ಕೊಡುವ ಪದ್ಧತಿಯನ್ನೇ ನಿಲ್ಲಿಸಿ, ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕಿದರು. ಮುಂದೆ ಇಬ್ಬರು ಹೆಚ್ಚುವರಿ ಕೆಲಸಗಾರರೂ ಸೇರಿದರು. 2005ರ ಕೊನೆಯ ಹೊತ್ತಿಗೆ ಆ 155 ದಿನ ಸುಮಾರು 14ಕ್ಕೆ ಇಳಿಯಿತು. ಆ ತಂಡದ ಬಳಿ ತುರ್ತು ಸಾಲು ಎಂಬ ಹೆಸರಿನದೇನೂ ಇರಲಿಲ್ಲ. ಆದರೆ ಕಣ್ಣಿಗೆ ಕಾಣದ, ಮಿತಿಯೇ ಇಲ್ಲದ ಒಂದು ತುರ್ತು ಸಾಲು ದಿನವೂ ನಡೆಯುತ್ತಿತ್ತು. ಬೋರ್ಡಿನ ಮೇಲೆ ಗೆರೆ ಎಳೆಯದಿದ್ದರೆ ಬಹುಪಾಲು ತಂಡಗಳಲ್ಲಿ ಆಗುವುದು ಇದೇ.

ಹಾಗಾಗಿ ಸಾಲನ್ನು ಎಳೆದು, ಅದರ ಪಕ್ಕದಲ್ಲೇ ನಿಯಮ ಬರೆದು ಅಂಟಿಸಬೇಕು. ಮುಖ್ಯವಾದವು ಮೂರು. ಮೊದಲನೆಯದು, ಸಾಲಿನಲ್ಲಿ ಏಕಕಾಲಕ್ಕೆ ಒಂದೇ ಕಾರ್ಡ್. ಈ ಒಂದು ಕಾರ್ಡಿಗೆ ಕಾಲಂ ಮಿತಿಗಳನ್ನು ದಾಟುವ ಹಕ್ಕಿದೆ. ಹತ್ತು ಕಾರ್ಡಿನ ಬೋರ್ಡಿನಲ್ಲಿ ಸ್ವಲ್ಪ ಹೊತ್ತು ಹನ್ನೊಂದಿರಬಹುದು, ಹನ್ನೆರಡು ಇರಬಾರದು. ಎರಡನೆಯದು, ಒಳಗೆ ಬರಲು ಅರ್ಹತೆ. ‘ಮುಖ್ಯವಾದದ್ದು’ ಎಂದು ಬರೆದರೆ ಸಾಲದು. ಬಳಕೆದಾರರಿಗೆ ಈ ಗಳಿಗೆಯಲ್ಲಿ ನಷ್ಟವಾಗುತ್ತಿರಬೇಕು, ಬೇರೆ ದಾರಿಯಲ್ಲಿ ಅವರ ಕೆಲಸ ಸಾಗುವಂತಿರಬಾರದು. ಎರಡೂ ಹೌದಾದರೆ ಮಾತ್ರ ಒಳಗೆ. ಮೂರನೆಯದು, ಅದನ್ನು ತೀರ್ಮಾನಿಸುವವರು ಒಬ್ಬರೇ. ಆ ದಿನದ ಸರದಿಯಲ್ಲಿರುವ ಲೀಡ್ ಆಗಬಹುದು, ಪ್ರಾಡಕ್ಟ್ ಮ್ಯಾನೇಜರ್ ಆಗಬಹುದು. ಮೇಲಿನವರು ಫೋನ್ ಮಾಡಿ ನೇರವಾಗಿ ಡೆವಲಪರ್‌ಗೆ ಹೇಳುವ ಹಾದಿ ಮುಚ್ಚಿರಬೇಕು.

ಈ ನಿಯಮಗಳು ಹೇಗೆ ನಡೆಯುತ್ತವೆ ಎಂದು ತಿಳಿಯಲು ಬಸ್ ಟಿಕೆಟ್ ಬುಕ್ ಮಾಡುವ ಒಂದು ಆ್ಯಪ್ ಕಲ್ಪಿಸಿಕೊಳ್ಳೋಣ. ದಸರಾ ರಜೆಗೆ ಮುಂಚಿನ ಶುಕ್ರವಾರ, ಸಂಜೆ 5:40. ಬೆಂಗಳೂರಿನಿಂದ ಊರಿಗೆ ಹೊರಟವರ ದೂರುಗಳು ಒಂದರ ಹಿಂದೊಂದು ಬರತೊಡಗುತ್ತವೆ. ಖಾತೆಯಿಂದ ದುಡ್ಡು ಹೋಗಿದೆ, ಟಿಕೆಟ್ ಬಂದಿಲ್ಲ. ನಷ್ಟವಾಗುತ್ತಿದೆ, ಬೇರೆ ದಾರಿಯಿಲ್ಲ. 5:50ಕ್ಕೆ ಲೀಡ್ ತುರ್ತು ಸಾಲಿನಲ್ಲಿ ಕಾರ್ಡ್ ಹಾಕುತ್ತಾರೆ. ಪಾವತಿ ಭಾಗ ಬಲ್ಲ ಡೆವಲಪರ್ ಒಬ್ಬರು, ಟೆಸ್ಟರ್ ಒಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಉಳಿದವರು ತಮ್ಮ ಕೆಲಸ ಬಿಡುವುದಿಲ್ಲ. ಇಡೀ ತಂಡ ಒಂದೇ ಪರದೆಯ ಮುಂದೆ ಗುಂಪುಗೂಡಿದರೆ ಪರಿಹಾರ ಬೇಗ ಸಿಗುವುದಿಲ್ಲ, ಎಲ್ಲ ಕಾರ್ಡುಗಳೂ ನಿಲ್ಲುತ್ತವೆ ಅಷ್ಟೆ.

ಡೆವಲಪರ್ ಕೈಯಲ್ಲಿದ್ದದ್ದು ಸೀಟು ಆಯ್ಕೆಯ ಪುಟದ ಕಾರ್ಡ್. ಅದನ್ನು ಬಿಡುವ ಮುನ್ನ ಅವರು ಎರಡು ಕೆಲಸ ಮಾಡುತ್ತಾರೆ. ಅರ್ಧ ಬರೆದ ಕೋಡನ್ನು ತಮ್ಮ ಬ್ರಾಂಚಿನಲ್ಲಿ ಉಳಿಸುತ್ತಾರೆ, ಎಲ್ಲಿಗೆ ನಿಂತಿದೆ, ಮುಂದೇನು ಎಂದು ಕಾರ್ಡಿನಲ್ಲಿ ಎರಡು ಸಾಲು ಬರೆದು ತಡೆಯ ಗುರುತು ಹಾಕುತ್ತಾರೆ. ಆ ಕಾರ್ಡ್ ಅದೇ ಕಾಲಂನಲ್ಲಿ ತನ್ನ ಜಾಗ ಹಿಡಿದೇ ಇರುತ್ತದೆ. ಅದು ನಿಂತಿದೆಯಲ್ಲ ಎಂದು ಇನ್ನೊಂದನ್ನು ಎಳೆದುಕೊಳ್ಳುವಂತಿಲ್ಲ. ಎಳೆದುಕೊಂಡರೆ ತುರ್ತು ಮುಗಿದ ಮೇಲೆ ಅರ್ಧ ಆದ ಕೆಲಸಗಳು ಎರಡಾಗಿರುತ್ತವೆ. ಹರಿವು ಕೆಡುವುದು ಹೆಚ್ಚಾಗಿ ಈ ಜಾಗದಲ್ಲೇ.

ಲಾಗ್ ನೋಡಿದಾಗ ಕಾರಣ ತಿಳಿಯುತ್ತದೆ. ಆ ಮಧ್ಯಾಹ್ನದ ರಿಲೀಸ್‌ನಲ್ಲಿ ಬ್ಯಾಂಕಿನ ಉತ್ತರಕ್ಕೆ ಕಾಯುವ ಸಮಯವನ್ನು 30 ಸೆಕೆಂಡಿನಿಂದ 10ಕ್ಕೆ ಇಳಿಸಲಾಗಿತ್ತು. ಹಬ್ಬದ ದಟ್ಟಣೆಯಲ್ಲಿ ಬ್ಯಾಂಕಿನ ‘ಪಾವತಿ ಆಯಿತು’ ಎಂಬ ಉತ್ತರ ಹದಿನೈದನೇ ಸೆಕೆಂಡಿಗೆ ಬರುತ್ತಿದೆ. ಅಷ್ಟರಲ್ಲಿ ಆ್ಯಪ್ ಬುಕಿಂಗನ್ನು ರದ್ದು ಮಾಡಿರುತ್ತದೆ. ಇಲ್ಲಿ ಹೊಸ ಕೋಡ್ ಬರೆಯುವ ಗೋಜಿಗೆ ಹೋಗಬಾರದು. ಹಳೆಯ ಆವೃತ್ತಿಗೆ ಮರಳುವುದು ಎಲ್ಲಕ್ಕಿಂತ ಚಿಕ್ಕ ಹೆಜ್ಜೆ. 6:20ಕ್ಕೆ ಅದು ಮುಗಿಯುತ್ತದೆ. ಟೆಸ್ಟರ್ ಒಂದು ಟಿಕೆಟ್ ಬುಕ್ ಮಾಡಿ ನೋಡುತ್ತಾರೆ, ಮುಂದಿನ ಇಪ್ಪತ್ತೈದು ನಿಮಿಷ ಹೊಸ ದೂರು ಬರದಿರುವುದನ್ನು ಖಚಿತಪಡಿಸಿಕೊಳ್ಳುತ್ತಾರೆ. ಸಿಕ್ಕಿಕೊಂಡ ಪಾವತಿಗಳ ಪಟ್ಟಿ ಗ್ರಾಹಕ ಸೇವೆಯವರ ಕೈ ಸೇರುತ್ತದೆ. 6:45ಕ್ಕೆ ಸಾಲು ಖಾಲಿ.

ಶಾಶ್ವತ ಪರಿಹಾರ ಇನ್ನೂ ಆಗಿಲ್ಲ. ಬುಕಿಂಗ್ ರದ್ದು ಮಾಡುವ ಮುನ್ನ ಬ್ಯಾಂಕನ್ನು ಮತ್ತೊಮ್ಮೆ ಕೇಳುವಂತೆ ಕೋಡ್ ತಿದ್ದಬೇಕು. ಆದರೆ ಅದು ತುರ್ತು ಸಾಲಿನ ಕೆಲಸವಲ್ಲ. ಹೊಸ ಕಾರ್ಡ್ ಆಗಿ, ಸರದಿಯ ಮುಂಭಾಗದಲ್ಲೇ ಬೇಕಾದರೂ ಇಟ್ಟು, ಮಾಮೂಲಿ ದಾರಿಯಲ್ಲಿ ಮಿತಿಗಳಿಗೆ ಒಳಪಟ್ಟು ಬರಬೇಕು. ನೋವು ನಿಂತ ಕೂಡಲೇ ತುರ್ತೂ ಮುಗಿಯಿತು ಎಂಬ ಈ ಗೆರೆ ಸ್ಪಷ್ಟವಿಲ್ಲದ ತಂಡಗಳಲ್ಲಿ ಒಂದೇ ಕಾರ್ಡ್ ವಾರಗಟ್ಟಲೆ ಮೇಲಿನ ಸಾಲಿನಲ್ಲಿ ಕೂತಿರುತ್ತದೆ.

ಇದೇ ಗದ್ದಲದ ನಡುವೆ, 6:10ಕ್ಕೆ, ಮಾರ್ಕೆಟಿಂಗ್ ಮುಖ್ಯಸ್ಥರು ಫೋನ್ ಮಾಡುತ್ತಾರೆ. ದಸರಾ ಆಫರಿನ ಬ್ಯಾನರಿನಲ್ಲಿ ತಾರೀಕು ತಪ್ಪಾಗಿದೆ, ತಕ್ಷಣ ಸರಿಪಡಿಸಬೇಕು. ಲೀಡ್ ಹೇಳಬೇಕಾದದ್ದು ಇಷ್ಟು: ‘ಮೇಡಂ, ಸಾಲಿನಲ್ಲಿ ಈಗ ಪಾವತಿ ಕಾರ್ಡ್ ಇದೆ. ನಿಮ್ಮ ಕಡೆಯಿಂದಲೇ ಬ್ಯಾನರ್ ಆಫ್ ಮಾಡಿಬಿಡಿ, ಸರಿಯಾದದ್ದನ್ನು ಮಾಮೂಲಿ ಸರದಿಯಲ್ಲಿ ಹಾಕೋಣ.’ ಬೇರೆ ದಾರಿ ಇರುವುದರಿಂದ ಅದು ಅರ್ಹತೆ ದಾಟುವುದಿಲ್ಲ. ಅರ್ಹತೆ ದಾಟುವ ಎರಡನೆಯ ಅವಘಡವೇ ಬಂದಿದ್ದರೆ, ಎರಡರಲ್ಲಿ ಯಾವುದು ಕಾಯಬೇಕು ಎಂದು ಆ ಒಬ್ಬರೇ ಹೇಳಬೇಕಿತ್ತು. ಆಯ್ಕೆ ಕಷ್ಟವೇ. ಆದರೆ ಅದನ್ನು ಮಾಡದೆ ಎರಡನ್ನೂ ತುರುಕಿದರೆ ಆ ಆಯ್ಕೆಯ ಭಾರ ಡೆವಲಪರ್ ತಲೆ ಮೇಲೆ ಬೀಳುತ್ತದೆ.

ಜಿರಾ ಬಳಸುವ ತಂಡಗಳು ಒಂದು ವಿಷಯ ಗಮನಿಸಬೇಕು. ಅದರ ಕಾನ್‌ಬಾನ್ ಬೋರ್ಡಿನಲ್ಲಿ ತುರ್ತು ಸಾಲು ತುಂಬುವುದು ಒಂದು ಪ್ರಶ್ನೆಯ ಮೂಲಕ. ಆ ಪ್ರಶ್ನೆ ಹೀಗಿದ್ದರೆ, ಆದ್ಯತೆಯನ್ನು ಬದಲಿಸಬಲ್ಲ ಯಾರು ಬೇಕಾದರೂ ಕಾರ್ಡನ್ನು ಸಾಲಿಗೆ ಏರಿಸಬಹುದು:

```
priority = Highest
```

ಅದರ ಬದಲು ಒಂದು ಪ್ರತ್ಯೇಕ ಲೇಬಲ್ ಇಟ್ಟು, ಅದನ್ನು ಹಚ್ಚುವುದು ಸರದಿಯ ಲೀಡ್ ಮಾತ್ರ ಎಂದು ಒಪ್ಪಿಕೊಳ್ಳುವುದು ಒಳ್ಳೆಯದು:

```
labels = expedite
```

ಸಾಲು ಹಾಳಾಗುತ್ತಿದೆ ಎಂಬುದಕ್ಕೆ ಕುರುಹುಗಳಿವೆ. ಎಲ್ಲಕ್ಕಿಂತ ಸ್ಪಷ್ಟವಾದದ್ದು, ತುರ್ತು ಕಾರ್ಡ್ ಯಾರೂ ಮುಟ್ಟದೆ ರಾತ್ರಿ ಕಳೆಯುವುದು. ಕಾಯಬಲ್ಲ ಕೆಲಸ ಅಲ್ಲಿಗೆ ಬರಬೇಕಾದದ್ದೇ ಅಲ್ಲ. ಇನ್ನೊಂದನ್ನು ತಿಳಿಯಲು ಮಾಮೂಲಿ ಕಾರ್ಡುಗಳನ್ನು ನೋಡಬೇಕು. ಅವು ತೆಗೆದುಕೊಂಡ ದಿನಗಳನ್ನು ತಿಂಗಳಿಗೊಮ್ಮೆ ಬರೆದಿಟ್ಟರೆ, ಸರಾಸರಿ ಮೊದಲಿನಂತೆಯೇ ಕಂಡರೂ ಕೆಲವು ಕಾರ್ಡುಗಳು ಐದಾರು ವಾರ ಎಳೆದಿರುವುದು ಕಾಣುತ್ತದೆ. ಪದೇ ಪದೇ ತಡೆಯ ಗುರುತು ಬಿದ್ದ ಕಾರ್ಡುಗಳು ಅವು. ತುರ್ತುಗಳ ಬೆಲೆ ತೆತ್ತವು ಅವೇ.

ತಿಂಗಳ ಕೊನೆಯಲ್ಲಿ ಸಾಲನ್ನು ದಾಟಿದ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿ ಕಾರಣದ ಪ್ರಕಾರ ಗುಂಪು ಮಾಡುವುದು ಉಪಯುಕ್ತ. ಬಹಳಷ್ಟು ಕಾರ್ಡುಗಳು ಪಾವತಿ ಭಾಗದಿಂದಲೇ ಬಂದಿದ್ದರೆ ಆ ಭಾಗವನ್ನು ಗಟ್ಟಿಮಾಡುವ ಕೆಲಸ ಮಾಮೂಲಿ ಸರದಿಯಲ್ಲಿ ಮೊದಲು ಬರಬೇಕು. ಶುಕ್ರವಾರ ಮಧ್ಯಾಹ್ನದ ರಿಲೀಸ್‌ಗಳಿಂದಲೇ ಬಂದಿದ್ದರೆ ರಿಲೀಸ್ ದಿನ ಬದಲಾಗಬೇಕು. ಹಳೆಯ ತಂತ್ರಾಂಶ, ಅವಘಡ ತಪ್ಪಿದ್ದಲ್ಲ ಎಂಬ ಸ್ಥಿತಿ ಇದ್ದರೆ ವಾರಕ್ಕೊಬ್ಬರಂತೆ ಒಬ್ಬ ಡೆವಲಪರ್ ಕೈ ಸ್ವಲ್ಪ ಖಾಲಿ ಇರುವಂತೆ ಮಾಡಿ, ಬೋರ್ಡಿನ ಮಾಮೂಲಿ ಮಿತಿಯನ್ನು ಹತ್ತರಿಂದ ಎಂಟಕ್ಕೆ ಇಳಿಸಬೇಕು. ಆಗ ತುರ್ತು ಬಂದಾಗ ಯಾರ ಕೈಯಿಂದಲೂ ಕೆಲಸ ಕಿತ್ತುಕೊಳ್ಳಬೇಕಾಗುವುದಿಲ್ಲ. ಆ ಒಬ್ಬರ ಬಿಡುವನ್ನು ವ್ಯರ್ಥವೆಂದು ಭಾವಿಸುವ ಮ್ಯಾನೇಜರಿಗೆ ತೋರಿಸಬೇಕಾದ್ದು ಐದಾರು ವಾರ ಎಳೆದ ಆ ಕಾರ್ಡುಗಳನ್ನೇ. ಅವುಗಳಲ್ಲಿ ಒಂದೊಂದರ ಹಿಂದೆಯೂ ಎರಡು ವಾರದಲ್ಲಿ ಸಿಗುತ್ತದೆ ಎಂದು ಮಾತು ಪಡೆದು ಕಾದ ಗ್ರಾಹಕರಿದ್ದಾರೆ.