ಬರೀ ‘ಯಾಕೆ?’ ಅಂದರೆ ಯಾವುದಕ್ಕೆ?

ಹೋದ ತಿಂಗಳು ಊರಿಗೆ ಹೊರಡುವ ಮುಂಚೆ ಅಕ್ಕನಿಗೆ ವಾಟ್ಸಾಪ್‌ನಲ್ಲಿ ಒಂದರ ಹಿಂದೊಂದು ಮೂರು ಸಾಲು ಕಳಿಸಿದೆ. ‘ಶನಿವಾರ ಬರ್ತಿದೀನಿ.’ ‘ರಾತ್ರಿ ಬಸ್ಸಿಗೆ.’ ‘ಅಮ್ಮಂಗೆ ಹೇಳಬೇಡ.’ ಅರ್ಧ ಗಂಟೆ ಬಿಟ್ಟು ಉತ್ತರ ಬಂತು: ‘ಯಾಕೆ?’

‘ಸೋಮವಾರ ರಜೆ ಇದೆ’ ಅಂದೆ. ‘ಅದಕ್ಕೆ?’ ಅಂದಳು. ಓಹೋ, ಬಸ್ಸಿನ ವಿಷಯ ಇರಬೇಕು ಅಂದುಕೊಂಡು ‘ರೈಲಲ್ಲಿ ಸೀಟು ಸಿಗಲಿಲ್ಲ’ ಅಂತ ಬರೆದೆ. ತಕ್ಷಣ ಫೋನೇ ಬಂತು. ‘ಅಯ್ಯೋ ಮಾರಾಯ, ಅಮ್ಮಂಗೆ ಯಾಕೆ ಹೇಳಬಾರದು ಅಂತ ಕೇಳಿದ್ದು ನಾನು!’

ಅವಳು ಕೇಳಿದ್ದು ಒಂದೇ ಮಾತು. ನಾನು ಎರಡು ಉತ್ತರ ಕೊಟ್ಟೆ, ಎರಡೂ ತಪ್ಪು. ಆದರೆ ಇದೇ ಮಾತು ಅಡುಗೆಮನೆಯಲ್ಲಿ ನಡೆದಿದ್ದರೆ ಗೊಂದಲವೇ ಆಗುತ್ತಿರಲಿಲ್ಲ. ದಿನಕ್ಕೆ ಎಷ್ಟು ಸಲ ನಾವು ಬರೀ ‘ಯಾಕೆ?’, ಬರೀ ‘ಹೇಗೆ?’ ಅಂತ ಕೇಳುತ್ತೇವೆ, ಕೇಳಿಸಿಕೊಳ್ಳುತ್ತೇವೆ! ಕರ್ತೃವಿಲ್ಲ, ಕ್ರಿಯಾಪದವಿಲ್ಲ, ಆದರೂ ಬಹುತೇಕ ಸಲ ಸರಿಯಾದ ಉತ್ತರವೇ ಸಿಗುತ್ತದೆ. ಬಿಟ್ಟುಹೋದ ಭಾಗವನ್ನು ಕೇಳುಗ ಎಲ್ಲಿಂದ ಹುಡುಕಿ ತರುತ್ತಾನೆ?

ಕೆಲವು ಪ್ರಶ್ನೆಪದಗಳು ತಮ್ಮ ವಿಳಾಸವನ್ನು ತಾವೇ ಹೊತ್ತುಕೊಂಡು ಬರುತ್ತವೆ. ‘ನಿನ್ನೆ ದುಡ್ಡು ಕಳಿಸಿದೆ’ ಅಂತ ನಾನೆಂದರೆ ನೀವು ‘ಯಾರಿಗೆ?’ ಅನ್ನಬಹುದು, ‘ಯಾರ ಹತ್ತಿರ?’ ಅನ್ನಬಹುದು, ‘ಎಷ್ಟು?’ ಅನ್ನಬಹುದು. ‘ಯಾರಿಗೆ’ಯಲ್ಲಿರುವ ‘ಗೆ’ ದುಡ್ಡು ಪಡೆದವರತ್ತ ನೇರ ಬೊಟ್ಟು ಮಾಡುತ್ತದೆ. ‘ಯಾರ ಹತ್ತಿರ’ ಅಂದರೆ ದುಡ್ಡು ಒಯ್ದುಕೊಟ್ಟವರು. ಶಾಲೆಯಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯಗಳು ಇಲ್ಲಿ ಪೋಸ್ಟ್‌ಮ್ಯಾನ್ ಕೆಲಸ ಮಾಡುತ್ತವೆ.

ಭಾಷಾಶಾಸ್ತ್ರದಲ್ಲಿ ಇದನ್ನು ದೊಡ್ಡ ಪ್ರಶ್ನೆಯಾಗಿ ಎತ್ತಿದವನು ಅಮೆರಿಕದ ಜಾನ್ ರಾಬರ್ಟ್ ರಾಸ್. 1969ರಲ್ಲಿ ಅವನು ಬರೆದ ಲೇಖನದ ಹೆಸರೇ ‘ಯಾರು ಹೇಳು ನೋಡೋಣ’ ಎನ್ನುವಂಥದ್ದು. ವಾಕ್ಯವೆಲ್ಲ ಕರಗಿ ಪ್ರಶ್ನೆಪದವೊಂದೇ ಉಳಿಯುವ ಈ ಬಗೆಗೆ ಅವನು ‘ಸ್ಲೂಸಿಂಗ್’ ಎಂದು ಹೆಸರಿಟ್ಟ. ಕಣ್ಮರೆಯಾದ ವಾಕ್ಯ ನಿಜಕ್ಕೂ ಮಾಯವಾಗಿಲ್ಲ, ಅದರ ವ್ಯಾಕರಣ ಉಳಿದ ಪದದ ಮೇಲೆ ಇನ್ನೂ ಕೆಲಸ ಮಾಡುತ್ತಿದೆ ಎಂಬುದು ಅವನ ವಾದ. ಅದಕ್ಕೆ ಅವನು ಕೊಟ್ಟ ಸಾಕ್ಷಿ ಜರ್ಮನ್ ಭಾಷೆಯ ವಿಭಕ್ತಿ. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ‘ಪುಸ್ತಕ ಯಾರಿಗೋ ಕೊಟ್ಟ, ಯಾರಿಗೆ ಅಂತ ಗೊತ್ತಿಲ್ಲ’ ಅಂದು ನೋಡಿ. ಅದನ್ನೇ ‘ಪುಸ್ತಕ ಯಾರಿಗೋ ಕೊಟ್ಟ, ಯಾರು ಅಂತ ಗೊತ್ತಿಲ್ಲ’ ಅಂದರೆ ಪ್ರಶ್ನೆಯೇ ಬದಲಾಗುತ್ತದೆ: ಅದು ಕೊಡುವ ಮಾತು ಬಿಟ್ಟು, ಪಡೆದವನ ಗುರುತಿನ ಮಾತಾಗುತ್ತದೆ. ‘ಕೊಟ್ಟ’ ಎಂಬುದು ಎರಡನೇ ಸಲ ಬಾಯಿಗೆ ಬರದಿದ್ದರೂ ‘ಗೆ’ಯನ್ನು ಕೇಳಿ ಪಡೆಯುತ್ತಿರುವುದು ಅದೇ.

‘ಯಾಕೆ’ ಮತ್ತು ‘ಹೇಗೆ’ ಹಾಗಲ್ಲ. ಅವು ವಾಕ್ಯದ ಯಾವುದೋ ಒಂದು ಖಾಲಿ ಜಾಗಕ್ಕೆ ಹೊಂದಿಕೊಳ್ಳುವುದಿಲ್ಲ, ಇಡೀ ವಾಕ್ಯಕ್ಕೇ ಜೋತುಬೀಳುತ್ತವೆ. ಆದ್ದರಿಂದ ಕೇಳುಗ ಬೇರೆ ಸುಳಿವು ಹಿಡಿಯಬೇಕು.

ಮೊದಲ ಸುಳಿವು, ಸ್ವಲ್ಪ ಹೊತ್ತಿನ ಹಿಂದೆ ನೀವು ಆಡಿದ್ದು ಎಂಥ ಮಾತು ಎಂಬುದು. ನೀವು ಸುದ್ದಿ ಹೇಳಿದ್ದರೆ, ಅಂದರೆ ‘ರಮೇಶ ಕೆಲಸ ಬಿಟ್ಟ’ ಅಂದಿದ್ದರೆ, ‘ಯಾಕೆ?’ ಎಂಬುದು ಆ ಘಟನೆಯ ಕಾರಣ ಕೇಳುತ್ತದೆ. ನೀವು ‘ಬಾಗಿಲು ಹಾಕು’ ಅಂತ ಅಪ್ಪಣೆ ಕೊಟ್ಟಿದ್ದರೆ, ‘ನಾನು ಯಾಕೆ ಹಾಗೆ ಮಾಡಬೇಕು?’ ಎಂದು ಅರ್ಥ. ನೀವೇ ಪ್ರಶ್ನೆ ಕೇಳಿದ್ದರೆ ಕಥೆ ಬೇರೆ. ‘ಸಾಯಂಕಾಲ ಮನೇಲಿರ್ತೀಯಾ?’ ಅಂತ ಫೋನಿನಲ್ಲಿ ಕೇಳಿದಾಗ ಆ ಕಡೆಯಿಂದ ‘ಯಾಕೆ?’ ಬಂದರೆ, ತಾನು ಮನೆಯಲ್ಲಿರುವುದಕ್ಕೆ ಕಾರಣವೇನು ಅಂತ ಯಾರೂ ಕೇಳುತ್ತಿಲ್ಲ. ‘ನೀನು ಯಾಕೆ ಕೇಳುತ್ತಿದ್ದೀಯ?’ ಅನ್ನುತ್ತಿದ್ದಾರೆ. ಸಾಲ ಕೇಳಲು ಬರುತ್ತೀಯೋ, ಹೋಳಿಗೆ ತರುತ್ತೀಯೋ ತಿಳಿದ ಮೇಲೆ, ಮನೆಯಲ್ಲಿರಬೇಕೋ ಬೇಡವೋ ಅಂತ ತೀರ್ಮಾನಿಸುತ್ತಾರೆ.

ಕನ್ನಡ ಇಲ್ಲಿ ಇನ್ನೊಂದು ಅನುಕೂಲ ಮಾಡಿಕೊಟ್ಟಿದೆ. ‘ಸುಬ್ಬಣ್ಣ ಮದುವೆಗೆ ಬರಲ್ಲ ಅಂದ’ ಎಂಬ ಮಾತಿಗೆ ಬರೀ ‘ಯಾಕೆ?’ ಅಂದರೆ ಹಲವು ದಾರಿ ತೆರೆದಿರುತ್ತವೆ. ‘ಯಾಕಂತೆ?’ ಅಂದರೆ ಒಂದೇ ದಾರಿ: ಸುಬ್ಬಣ್ಣ ತಾನೇ ಏನು ಕಾರಣ ಹೇಳಿದ ಎಂಬುದು. ನಿಜವಾದ ಕಾರಣ ನಿಮಗೂ ಗೊತ್ತು, ನನಗೂ ಗೊತ್ತು, ಅದು ಬೇರೆ ಮಾತು. ‘ಅಂತೆ’ ಎಂಬ ಎರಡಕ್ಷರ ಪ್ರಶ್ನೆಯನ್ನು ಎತ್ತಿ ಮೂರನೆಯವನ ಬಾಯಿಗೆ ಇಡುತ್ತದೆ.

‘ಹೇಗೆ’ ಮಾತಿನ ಸುಳಿವಿಗಿಂತ ಜಾಗದ ಸುಳಿವನ್ನು ಹೆಚ್ಚು ನಂಬುತ್ತದೆ. ಸಂತೆಯಲ್ಲಿ ಬದನೆಕಾಯಿ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದನ್ನು ಕೈಗೆತ್ತಿಕೊಂಡು ‘ಹೆಂಗಮ್ಮಾ?’ ಅಂದರೆ ಬೆಲೆ ಕೇಳಿದಂತೆ. ಅದನ್ನು ಹೇಗೆ ಬೆಳೆದೆ, ಹೇಗೆ ಅಡುಗೆ ಮಾಡುವುದು ಅಂತ ಆ ತಾಯಿ ವಿವರಿಸಲು ಕೂರುವುದಿಲ್ಲ, ‘ಕೆಜಿಗೆ ನಲವತ್ತು’ ಅನ್ನುತ್ತಾಳೆ. ಅದೇ ‘ಹೆಂಗೆ?’ಯನ್ನು ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ ಕೇಳಿದರೆ ಅದು ಒಳಗೆ ಮಲಗಿದವರ ಆರೋಗ್ಯ. ಲಾಟರಿ ಹೊಡೆಯಿತು ಅಂದವನಿಗೆ ‘ಹೆಂಗೆ?!’ ಅಂದರೆ ಅದು ವಿಧಾನದ ಪ್ರಶ್ನೆಯೂ ಅಲ್ಲ, ನಂಬಲಾಗುತ್ತಿಲ್ಲ ಎಂಬುದಷ್ಟೇ.

ಇಷ್ಟೆಲ್ಲ ಸುಳಿವು ಇದ್ದೂ ‘ಯಾಕೆ’ ಕೈಕೊಡುವುದು ಒಂದು ಕಡೆ, ಅದೇ ತುಂಬ ಸ್ವಾರಸ್ಯದ ಕಡೆ. ವಿಲ್ಲಿ ಸಟನ್ ಎಂಬ ಅಮೆರಿಕದ ಬ್ಯಾಂಕ್ ದರೋಡೆಕೋರನ ಬಗ್ಗೆ ಒಂದು ಕಥೆಯಿದೆ. ಬ್ಯಾಂಕುಗಳನ್ನೇ ಯಾಕೆ ದೋಚುತ್ತೀಯ ಅಂತ ಪತ್ರಕರ್ತನೊಬ್ಬ ಕೇಳಿದನಂತೆ, ದುಡ್ಡು ಇರುವುದು ಅಲ್ಲೇ ಅಲ್ಲವೇ ಅಂದನಂತೆ ಸಟನ್. (ತಾನು ಹಾಗೆ ಹೇಳಿಯೇ ಇಲ್ಲ ಎಂದು ಅವನು 1976ರ ಆತ್ಮಕಥೆಯಲ್ಲಿ ಬರೆದ. ಆದರೂ ಪುಸ್ತಕಕ್ಕೆ ಆ ಮಾತನ್ನೇ ತಿರುಗಿಸಿದ ಹೆಸರಿಟ್ಟ, ಚಾಲಾಕಿ.) ತತ್ತ್ವಶಾಸ್ತ್ರಜ್ಞ ಅಲನ್ ಗಾರ್ಫಿಂಕೆಲ್ 1981ರ ತನ್ನ ಪುಸ್ತಕದಲ್ಲಿ ಈ ಕಥೆಯನ್ನು ಕೈಗೆತ್ತಿಕೊಂಡು, ಪ್ರಶ್ನೆ ಕೇಳಿದವನನ್ನು ಪಾದ್ರಿಯಾಗಿಸಿದ. ಪಾದ್ರಿಯ ಮನಸ್ಸಿನಲ್ಲಿದ್ದದ್ದು ‘ದುಡಿದು ತಿನ್ನುವುದು ಬಿಟ್ಟು ದೋಚುವುದು ಯಾಕೆ?’ ಸಟನ್ ಉತ್ತರಿಸಿದ್ದು ‘ಬೇರೆ ಕಡೆ ಬಿಟ್ಟು ಬ್ಯಾಂಕನ್ನು ದೋಚುವುದು ಯಾಕೆ?’ ಎಂಬುದಕ್ಕೆ. ಇಬ್ಬರ ಪ್ರಶ್ನೆಯ ಪದಗಳು ಒಂದೇ, ‘ಅದು ಬಿಟ್ಟು ಇದು’ ಎಂಬುದರಲ್ಲಿ ‘ಅದು’ ಮಾತ್ರ ಬೇರೆ.

ಪ್ರತಿ ‘ಯಾಕೆ’ಯ ಹಿಂದೆಯೂ ಹೀಗೊಂದು ‘ಅದು ಬಿಟ್ಟು’ ಅಡಗಿರುತ್ತದೆ. ‘ಶನಿವಾರ ರಾತ್ರಿ ಬಸ್ಸಿಗೆ ಬರ್ತೀನಿ’ ಎಂಬ ಒಂದೇ ಸಾಲಿನ ಮೇಲೂ ಮೂರು ಯಾಕೆಗಳು ಕೂರಬಲ್ಲವು: ಶುಕ್ರವಾರ ಬಿಟ್ಟು ಶನಿವಾರ ಯಾಕೆ, ಹಗಲು ಬಿಟ್ಟು ರಾತ್ರಿ ಯಾಕೆ, ರೈಲು ಬಿಟ್ಟು ಬಸ್ಸು ಯಾಕೆ. ಪೂರ್ತಿ ವಾಕ್ಯ ಹೇಳಿ ಕೇಳಿದ್ದರೆ ದನಿಯ ಒತ್ತು, ಇಲ್ಲವೇ ‘ಬಸ್ಸಿಗೇ ಯಾಕೆ’ ಎಂಬಲ್ಲಿನ ‘ಏ’ ಅದನ್ನು ತೋರಿಸುತ್ತಿತ್ತು. ಬರೀ ‘ಯಾಕೆ’ಗೆ ಒತ್ತು ಹಾಕಲು ಜಾಗವೇ ಇಲ್ಲ. ಆಗ ಉಳಿಯುವ ದಾರಿ, ಕೇಳಿದವರು ಸಹಜ ಅಂದುಕೊಂಡಿದ್ದು ಏನು ಅಂತ ಯೋಚಿಸುವುದು. ಜನ ಸಹಜವಾದದ್ದಕ್ಕೆ ಕಾರಣ ಕೇಳುವುದಿಲ್ಲ, ಎಡವಿದ ಕಡೆ ಕೇಳುತ್ತಾರೆ. ಅಕ್ಕನ ಲೆಕ್ಕದಲ್ಲಿ ತಮ್ಮ ರಜೆಗೆ ಬರುವುದು ಸಹಜ, ಬಸ್ಸಿನಲ್ಲಿ ಬರುವುದೂ ಸಹಜ. ಅಮ್ಮನಿಗೆ ಹೇಳಬಾರದು ಎಂಬುದೊಂದೇ ಕಲ್ಲು. ಇಷ್ಟನ್ನು ಯೋಚಿಸಿದ್ದರೆ ನಾನು ಮೊದಲ ಸಲವೇ ಉತ್ತರ ಕೊಡಬಹುದಿತ್ತು. ಆದರೆ ನನ್ನ ತಲೆಯಲ್ಲಿದ್ದದ್ದು ಅಮ್ಮನಿಗೆ ಅಚ್ಚರಿ ಕೊಡುವ ಯೋಜನೆ. ನನಗೆ ಅದು ಎಷ್ಟು ಸಹಜವಾಗಿತ್ತೆಂದರೆ, ಅದನ್ನೂ ಯಾರಾದರೂ ಪ್ರಶ್ನಿಸಬಹುದು ಅಂತ ಹೊಳೆಯಲೇ ಇಲ್ಲ.

ತಪ್ಪು ಯಾಕೆಗೆ ಉತ್ತರ ಕೊಟ್ಟಿದ್ದೇವೆ ಅಂತ ತಿಳಿಯುವುದು ಹೇಗೆ? ಮಕ್ಕಳನ್ನು ನೋಡಿ. ಫ್ರೇಜಿಯರ್, ಗೆಲ್‌ಮನ್ ಮತ್ತು ವೆಲ್‌ಮನ್ ಎಂಬ ಸಂಶೋಧಕರು ಶಾಲೆಗೆ ಹೋಗುವ ಮುಂಚಿನ ವಯಸ್ಸಿನ ಮಕ್ಕಳ ಮಾತುಕತೆಯನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದರು. ‘ಯಾಕೆ’ಗೆ ನಿಜವಾದ ಕಾರಣ ಸಿಕ್ಕಾಗ ಮಕ್ಕಳು ತಲೆಯಾಡಿಸುತ್ತಿದ್ದರು, ಇಲ್ಲವೇ ಅದರ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಕಾರಣವಲ್ಲದ ಏನೋ ಉತ್ತರ ಬಂದರೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದರು, ಅಥವಾ ತಾವೇ ಒಂದು ಕಾರಣ ಕಟ್ಟುತ್ತಿದ್ದರು. ಹಾಗಾಗಿ ಮಗು ‘ಯಾಕೆ, ಯಾಕೆ’ ಅಂತ ಪ್ರಾಣ ತಿನ್ನುವಾಗ ಅದು ಬರೀ ಹಟ ಅಂದುಕೊಳ್ಳಬೇಕಾಗಿಲ್ಲ. ಮತ್ತೆ ಬಂದದ್ದು ಹೊಸ ಯಾಕೆಯೋ ಹಳೆಯದೋ ಅಂತ ಗಮನಿಸಿದರೆ ಸಾಕು. ಅಕ್ಕನ ‘ಅದಕ್ಕೆ?’ ಕೂಡ ಹಳೆಯ ಯಾಕೆಯೇ.

ಇನ್ನು, ಗೊತ್ತಾಗದಿದ್ದಾಗ ತಿರುಗಿ ಕೇಳುವ ಬಗೆ. ಮಾರ್ಕ್ ಡಿಂಗೆಮಾನ್ಸೆ ಮತ್ತು ಸಂಗಡಿಗರು 12 ಭಾಷೆಗಳ ಮನೆಮಾತಿನ ಮುದ್ರಣಗಳನ್ನು ಪರಿಶೀಲಿಸಿ 2015ರಲ್ಲಿ ಬರೆದ ಪ್ರಕಾರ, ಮಾತುಕತೆಯಲ್ಲಿ ಸರಾಸರಿ ಒಂದೂವರೆ ನಿಮಿಷದೊಳಗೆ ಒಮ್ಮೆ ಯಾರಾದರೂ ‘ಅರ್ಥವಾಗಲಿಲ್ಲ’ ಎಂದು ಯಾವುದೋ ರೀತಿಯಲ್ಲಿ ತಡೆಯುತ್ತಾರೆ. ಆ 12ರಲ್ಲಿ ಕನ್ನಡ ಇರಲಿಲ್ಲ, ಆದರೆ ಅವರು ಗುರುತಿಸಿದ ಮೂರೂ ಬಗೆ ನಮ್ಮಲ್ಲಿವೆ. ‘ಆಂ?’ ಅನ್ನುವುದು ಒಂದು. ‘ಯಾರು?’ ಅಂತ ಒಂದು ತುಂಡನ್ನಷ್ಟೇ ಕೇಳುವುದು ಇನ್ನೊಂದು. ‘ನಮ್ಮ ರಮೇಶಾನಾ?’ ಅಂತ ಊಹೆಯನ್ನೇ ಮುಂದಿಟ್ಟು ಹೌದೋ ಅಲ್ಲವೋ ಕೇಳುವುದು ಮೂರನೆಯದು. ಜನ ತಮಗೆ ಸಾಧ್ಯವಿದ್ದಷ್ಟು ಖಚಿತವಾದ ಬಗೆಯನ್ನೇ ಆರಿಸುತ್ತಾರೆ ಎಂಬುದು ಆ ಅಧ್ಯಯನದ ಮುಖ್ಯ ಸಂಗತಿ. ಊಹೆ ಮುಂದಿಟ್ಟವನು ತಾನು ಶ್ರಮ ತೆಗೆದುಕೊಂಡು ಎದುರಿನವರ ಶ್ರಮವನ್ನು ಒಂದು ‘ಹೂಂ’ಗೆ ಇಳಿಸುತ್ತಾನೆ. ಬರೀ ‘ಯಾಕೆ?’ಗೆ ‘ಏನ್ ಯಾಕೆ?’ ಅಂದರೆ ಕನ್ನಡದಲ್ಲಿ ಅದು ಜಗಳಕ್ಕೆ ನಿಂತಂತೆ ಕೇಳಿಸುತ್ತದೆ. ‘ಬಸ್ಸಿಗೆ ಯಾಕೆ ಅಂತಾನಾ?’ ಅಂದರೆ ಊಹೆ ತಪ್ಪಿದರೂ ಎದುರಿನವರು ತಿದ್ದಲು ಅರ್ಧ ವಾಕ್ಯ ಸಾಕು.

ಎದುರಾಬದುರು ಮಾತಾಡುವಾಗ ಯಾಕೆ ಎಂಬುದು ಕೊನೆಯ ಮಾತಿನ ಬೆನ್ನಿಗೇ ಬೀಳುತ್ತದೆ, ಮುಖ ನೋಡಿದರೆ ಮಿಕ್ಕದ್ದು ತಿಳಿಯುತ್ತದೆ. ಫೋನಿನ ಪರದೆಯಲ್ಲಿ ಅದು ಮೂರು ಸಾಲಿನ ಕೆಳಗೆ ಅರ್ಧ ಗಂಟೆ ತಡವಾಗಿ ಬಂದು ಕೂರುತ್ತದೆ. ಯಾವ ಸಾಲಿಗೆ ಕೇಳುತ್ತಿದ್ದೀರೋ ಆ ಸಾಲಿನ ಮೇಲೆ ಬೆರಳಿಟ್ಟು ಬಲಕ್ಕೆ ಎಳೆದರೆ, ವಾಟ್ಸಾಪ್ ಅದನ್ನೂ ಸೇರಿಸಿಯೇ ನಿಮ್ಮ ‘ಯಾಕೆ?’ಯನ್ನು ಕಳಿಸುತ್ತದೆ. ಅಕ್ಕ ಈಗ ಹಾಗೇ ಮಾಡುತ್ತಾಳೆ.